ಹಮಾಲನ ಬೆಲ್ಟ್

ನಮ್ಮ ಮೆಡಿಸಿನ್ ಪ್ರಾಧ್ಯಾಪಕರು ಮೊದಲು ತರಗತಿಯಲ್ಲಿ ಗುಡುಗುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ನಾಗಪುರದ ನಮ್ಮ ವೈದ್ಯಕೀಯ ಕಾಲೇಜಿಗೆ ಸಮಸ್ಯೆ ಆಧಾರಿತ ಕಲಿಕೆ ಪ್ರಯೋಗವಾಗಿ ಬಂದಾಗ, ಎಲ್ಲೋ ತರಬೇತಿಗೆ ಹೋಗಿ ಬಂದು ಸುಮ್ಮನಿರುವುದನ್ನು ಕಲಿತರು. ಗುಡುಗುವಾಗ ಅವರನ್ನು ಕಂಡರೆ ಹೆದರಿಕೆಯಿತ್ತು. ಸುಮ್ಮನಾದ ಮೇಲೆ ದ್ವೇಷ ಹುಟ್ಟಿತು. ಅದು ಇವತ್ತಿಗೂ ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ.

ಹೊಸ ಪದ್ಧತಿಯಲ್ಲಿ ಪಾಠವಿರಲಿಲ್ಲ. ಏಳೆಂಟು ಜನ ಮೇಜಿನ ಸುತ್ತ ಕೂರಬೇಕು. ಒಬ್ಬರು ಚರ್ಚೆ ನಡೆಸಬೇಕು, ಒಬ್ಬರು ಹಲಗೆಯ ಮೇಲೆ ಬರೆಯಬೇಕು. ಒಬ್ಬ ರೋಗಿಯ ಕಥೆ ಹಾಳೆಹಾಳೆಯಾಗಿ ಕೈಗೆ ಬರುತ್ತದೆ. ತಿಳಿಯದ ಪದಗಳನ್ನು ಬಿಡಿಸಿಕೊಂಡು, ಸಮಸ್ಯೆ ಏನೆಂದು ಗೊತ್ತುಮಾಡಿ, ತಲೆಗೆ ಹೊಳೆದ ಕಾರಣಗಳನ್ನೆಲ್ಲ ಹೇಳಿ, ಅವನ್ನು ಒಂದಕ್ಕೊಂದು ಜೋಡಿಸಿ ನೋಡಬೇಕು. ಗೊತ್ತಿಲ್ಲದ್ದು ಯಾವುದೆಂದು ಅಲ್ಲಿ ಬಯಲಾಗುತ್ತದೆ. ಅದೇ ಕಲಿಯಬೇಕಾದ ವಿಷಯ. ಎಲ್ಲರೂ ಎಲ್ಲವನ್ನೂ ಓದಿಕೊಂಡು ಬಂದು ಮುಂದಿನ ವಾರ ಒಪ್ಪಿಸಬೇಕು. ಗುರುಗಳು ಉತ್ತರ ಕೊಡುವಂತಿಲ್ಲ, ಪ್ರಶ್ನೆ ಕೇಳಬಹುದು ಅಷ್ಟೇ.

ನಮ್ಮ ಮೇಜಿಗೆ ಗುರುಗಳು ಆ ಪ್ರಾಧ್ಯಾಪಕರೇ. ಆ ದಿನ ಬರೆಯುವ ಸರದಿ ನನ್ನದು. ಮೊದಲ ಹಾಳೆಯಲ್ಲಿ ಇತವಾರಿ ಪೇಟೆಯಲ್ಲಿ ಮೂಟೆ ಹೊರುವ ಒಬ್ಬ ಹಮಾಲ ಇದ್ದ. ನಡುವಯಸ್ಸು. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಮೈ ಇಳಿದಿದೆ, ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದಾನೆ.

"ಹಮಾಲ ಬೆಲ್ಟ್ ಹಾಕ್ತಾನಾ?" ಎಂದು ಒಬ್ಬ ನಕ್ಕ. ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಅಪ್ಪ ತಮ್ಮ ಬೆಲ್ಟಿಗೆ ತೂತು ಹೊಡೆದುಕೊಂಡ ಆ ಮೊಳೆ ನಮ್ಮ ಅಜನಿಯ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯ ಕಿಟಕಿಯಲ್ಲಿತ್ತು. ಕೆಲವು ವಾರಗಳ ಹಿಂದೆ ಅಪ್ಪನನ್ನು ಇದೇ ಪ್ರಾಧ್ಯಾಪಕರಿಗೆ ತೋರಿಸಲು ಅಪ್ಪನ ತಮ್ಮ, ನನ್ನ ಕಾಕಾನ ಜೊತೆ ನಾನೂ ಹೋಗಿದ್ದೆ. ಬೆಲ್ಟಿನ ತೂತನ್ನು ಅಪ್ಪ ತಮಾಷೆ ಮಾಡಿಕೊಂಡೇ ತೋರಿಸಿದ್ದರು. ಆಮೇಲೆ ಪ್ರಾಧ್ಯಾಪಕರು ಅಪ್ಪನನ್ನೂ ನನ್ನನ್ನೂ ಹೊರಗೆ ಕಳಿಸಿ ಕಾಕಾನನ್ನು ಮಾತ್ರ ಒಳಗೆ ಕೂರಿಸಿಕೊಂಡರು. ಆಗಿನ ಪದ್ಧತಿಯೇ ಅದು: ರೋಗಿಗೂ ಹೆಂಗಸರಿಗೂ ಹೇಳುತ್ತಿರಲಿಲ್ಲ. ಕಾಕಾ ಹೊರಗೆ ಬಂದು, "ಅಲ್ಸರ್ ಐತಂತ. ಆಪರೇಷನ್ ಮಾಡಿದ್ರ ಬರೋಬರ್ ಆಗತೈತಿ" ಎಂದಿದ್ದ.

ಎರಡನೇ ಹಾಳೆ ಬಂತು. ಎಡಗಡೆ ಕೊರಳೆಲುಬಿನ ಮೇಲೆ ಕಲ್ಲಿನಂಥ ಗಂಟು. ಅಪ್ಪ ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಇರುತ್ತಿದ್ದುದು ನೆನಪಾಗಿ ನನ್ನ ಕೈ ನಿಂತಿತು. ಗೆಳೆಯರಿಗೆ ಹುರುಪು ಬಂದಿತ್ತು. ಕ್ಷಯ ಎಂದ ಒಬ್ಬ. ಹೊಟ್ಟೆಯ ಕ್ಯಾನ್ಸರ್ ಎಂದ ಇನ್ನೊಬ್ಬ. ಗಂಟು ಎಡಕ್ಕೇ ಯಾಕೆ ಎಂದು ವಾದ ಹತ್ತಿತು. ಎಲ್ಲವನ್ನೂ ನಾನೇ ಬರೆಯಬೇಕಿತ್ತು.

ನಾನು ತಿರುಗಿ ಗುರುಗಳನ್ನೇ ಕೇಳಿದೆ. "ಸರ್, ಈ ರೋಗಿ ಬದುಕ್ತಾನಾ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿತ್ತು.

"ಅದನ್ನು ಹೇಳಬೇಕಾದರೆ ನೀನು ಏನೇನು ತಿಳಿದುಕೊಳ್ಳಬೇಕು?" ಎಂದರು. "ಬರಿ."

ಬರೆದೆ. ವಾರವಿಡೀ ಲೈಬ್ರರಿಯಲ್ಲಿ ಕೂತೆ. ಹೊಟ್ಟೆಯ ಕಡೆಯ ದುಗ್ಧರಸ, ಅಂದರೆ ಲಿಂಫ್, ಎದೆಯೊಳಗಿನ ನಾಳ ಹಿಡಿದು ಮೇಲೇರಿ ಎಡಗಡೆ ಕೊರಳ ಬುಡದಲ್ಲಿ ರಕ್ತಕ್ಕೆ ಸೇರುತ್ತದೆ. ಕ್ಯಾನ್ಸರ್ ಅದೇ ದಾರಿ ಹಿಡಿದು ಅಲ್ಲಿ ಗಂಟಾಗುತ್ತದೆ. ಅಷ್ಟು ದೂರ ಹಬ್ಬಿದ ಮೇಲೆ ಆಪರೇಷನ್ನಿನಿಂದ ಗುಣವಾಗುವುದಿಲ್ಲ. ಅನ್ನ ಇಳಿಯದಂತಾದರೆ ದಾರಿ ಮಾಡಿಕೊಡಬಹುದು, ಅಷ್ಟೇ. ಮುಂದಿನ ವಾರ ಇದನ್ನು ನಿಂತು ಒಪ್ಪಿಸಿದೆ. ಧ್ವನಿ ನಡುಗದಂತೆ ನೋಡಿಕೊಂಡೆ, ಗುರುಗಳೆನಿಸಿಕೊಂಡ ಆ ಮನುಷ್ಯನಿಗೆ ನನ್ನ ಅಳು ತೋರಿಸಬಾರದೆಂದು.

ಕೊನೆಗೆ ಪ್ರತಿಯೊಬ್ಬರ ಬಗ್ಗೆ ಗುರುಗಳು ಒಂದು ಮಾತು ಹೇಳಬೇಕಿತ್ತು. ನನ್ನ ಸರದಿ ಬಂದಾಗ, "ಓದಿದ್ದು ಚೆನ್ನಾಗಿದೆ. ಹೋದ ವಾರ ನಡುವೆ ಬರೆಯುವುದನ್ನು ನಿಲ್ಲಿಸಿದ್ದೆ, ಹಾಗೆ ಮಾಡಬಾರದು" ಎಂದರು. ಎಲ್ಲರೂ ಹೋದ ಮೇಲೆ ನಾನು ಬಾಗಿಲಲ್ಲಿ ಅಡ್ಡ ನಿಂತು, ಅಪ್ಪನ ಕಥೆಯನ್ನೇ ಹಮಾಲನದೆಂದು ಯಾಕೆ ಕೊಟ್ಟಿರಿ ಎಂದು ಕೇಳಿದೆ.

"ನಾನು ಹೇಳಿದ್ದರೆ ನೀನು ನಂಬುತ್ತಿರಲಿಲ್ಲ. ನೀನೇ ಕಂಡುಕೊಂಡದ್ದನ್ನು ಮರೆಯುವುದಿಲ್ಲ" ಎಂದು ಹೇಳಿ ಕನ್ನಡಕ ಒರೆಸಿಕೊಳ್ಳುತ್ತ ಹೋದರು.

ಮನೆಗೆ ಬಂದರೆ ಅವ್ವ ಒಳಗಿದ್ದಳು, ಅಪ್ಪ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಗಂಜಿ ಹಾಗೇ ಆರಿತ್ತು.

"ಮಗಳ, ನೀ ಡಾಕ್ಟರಕಿ ಕಲಿಯಾಕಿ. ನಿಮ್ಮ ಕಾಕಾ ಏನೂ ಹೇಳವಲ್ಲ. ನನಗೇನಾಗೇತಿ?"

ಹೇಳಲು ಬಾಯಿ ತೆರೆದೆ. ಓದಿದ್ದೆಲ್ಲ ನಾಲಿಗೆಯ ಮೇಲೇ ಇತ್ತು. ಹೊರಗೆ ಬಂದದ್ದು ಮಾತ್ರ ಆ ಮೇಜಿನ ಬಳಿ ಗುರುಗಳು ಕೇಳುವಂಥ ಪ್ರಶ್ನೆ.

"ನಿಮಗೇನ ಅನಸ್ತೈತ್ರಿ, ಅಪ್ಪಾ?"

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಎಡಗಡೆಯ ಗಂಟು ಕಾಣುವಂತೆ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

"ತಿಳೀತು ಬಿಡು" ಎಂದರು. "ನಿಮ್ಮವ್ವ ಕೇಳಿದ್ರ ಹಿಂಗ ತಿರುಗಿ ಕೇಳಬ್ಯಾಡ."