ಎರಡನೇ ಫೇಸ್

ವರ್ತೂರಿನ ನಮ್ಮ ಮನೆಯಲ್ಲಿ ಕರೆಂಟಿನ ಯಜಮಾನಿಕೆ ಅತ್ತೆಯದು. ಮನೆಗೆ ಮೂರು ಫೇಸಿನ ಕನೆಕ್ಷನ್ ಇತ್ತು. ಹಾಲಿನ ಮೂಲೆಯಲ್ಲಿ ಮೀಟರಿನ ಕೆಳಗೆ ಎರಡು ತಿರುಗಿಸುವ ಸ್ವಿಚ್ಚು, ಒಂದು ಹಾಲು ಸೇರಿ ಮನೆಯ ಮುಂಭಾಗಕ್ಕೆ, ಇನ್ನೊಂದು ಹಿತ್ತಲ ಕೋಣೆಗೆ. ಒಂದು ಫೇಸಿನಲ್ಲಿ ವೋಲ್ಟೇಜ್ ಇಳಿದು ಟ್ಯೂಬ್‌ಲೈಟ್ ಮಿಣುಕಿದರೆ ಸಾಕು, ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಎದ್ದು ಬಂದು ಟಕ್ಕೆಂದು ಇನ್ನೊಂದು ಫೇಸಿಗೆ ತಿರುಗಿಸಿ ಹೋಗುತ್ತಿದ್ದರು. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ, ಮಾವನೂ ಸೇರಿ.

ನನ್ನದು ಡಾಕ್ಟರುಗಳು ಗೊಣಗಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕಿವಿಗೊಟ್ಟು ಕೇಳಿ ಟೈಪ್ ಮಾಡುವ ಕೆಲಸ. ಮಗನಿಗೆ ಹನ್ನೊಂದು ತಿಂಗಳಾದಾಗ ವೈಟ್‌ಫೀಲ್ಡಿನ ಆಫೀಸಿನವರು, ಮನೆಯಿಂದಲೇ ಮಾಡಿ, ಆದರೆ ಮೊದಲು ನಿಮ್ಮ ಲೈನನ್ನು ಒಂದು ಗಂಟೆ ಪರೀಕ್ಷೆ ಮಾಡುತ್ತೇವೆ ಎಂದರು. ನಡುವೆ ಒಂದು ಸಲ ಕಟ್ಟಾದರೆ ಕ್ಷಮೆ, ಎರಡನೇ ಸಲ ಕಟ್ಟಾದರೆ ಆಫೀಸಿಗೇ ಬರಬೇಕು. ಮಗುವನ್ನು ಬಿಟ್ಟು ದಿನಕ್ಕೆ ಹನ್ನೊಂದು ಗಂಟೆ ಹೊರಗಿರುವುದು ನನ್ನಿಂದ ಆಗದು, ಅಂದರೆ ಕೆಲಸ ಹೋದಂತೆಯೇ. ಅತ್ತೆಗಂತೂ ಅದೇ ಬೇಕಿತ್ತು. "ಬುಟ್ಬುಡು ಆ ಕೆಲ್ಸಾನ. ಯಾರೋ ಡಾಕ್ಟ್ರು ಕೆಮ್ಮಿದ್ನ ಬರ್ಕೊಂಡು ಏನಾಗ್ಬೇಕು? ಮಗೀನ ನೋಡ್ಕೊ" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ನನಗೆ ಮಗುವೂ ಬೇಕಿತ್ತು, ಕೆಮ್ಮುವ ಡಾಕ್ಟರೂ ಬೇಕಿತ್ತು.

ಮನೆಯಲ್ಲಿ ಸದ್ದಿಲ್ಲದ ಜಾಗ ಒಂದೇ, ಹಿತ್ತಲ ಕೋಣೆ. ಒಂದು ಕಾಲಕ್ಕೆ ಅದು ಹಸುಗಳ ಕೊಟ್ಟಿಗೆ, ಸೈಜುಗಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ಫೋನಿನ ತಂತಿ, ರೂಟರ್ ಎಲ್ಲ ಮುಂದಿನ ಹಾಲಿನಲ್ಲಿ. ವೈಫೈ ಬಟ್ಟೆ ಒಗೆಯುವ ಕಲ್ಲಿನ ತನಕ ಬಂದು ಅಲ್ಲೇ ಪ್ರಾಣ ಬಿಡುತ್ತಿತ್ತು. ಕೇಬಲ್ ಎಳೆಯೋಣವೆಂದರೆ ಪೈಪು ಹೂಳಿಸಿ, ಗೋಡೆ ಕೊರೆಸಿ ಆಗುವಷ್ಟರಲ್ಲಿ ಪರೀಕ್ಷೆಯ ದಿನ ದಾಟಿರುತ್ತಿತ್ತು.

ನನ್ನ ಗಂಡ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಒಂದು ಜೊತೆ ಪವರ್‌ಲೈನ್ ಅಡಾಪ್ಟರ್ ತಂದರು. ಸೋಪಿನ ಪೆಟ್ಟಿಗೆಯಷ್ಟಿರುವ ಎರಡು ಡಬ್ಬಿ. ಒಂದನ್ನು ಹಾಲಿನ ಪ್ಲಗ್ಗಿಗೆ ಹಾಕಿ ರೂಟರಿಗೆ ತಂತಿ ಕೊಡುವುದು, ಇನ್ನೊಂದನ್ನು ಕೋಣೆಯ ಪ್ಲಗ್ಗಿಗೆ ಹಾಕಿ ಲ್ಯಾಪ್‌ಟಾಪಿಗೆ ಕೊಡುವುದು. ನಡುವೆ ಮನೆಯ ಕರೆಂಟಿನ ವೈರೇ ಇಂಟರ್ನೆಟ್ಟನ್ನು ಹೊತ್ತುಕೊಂಡು ಬರುತ್ತದಂತೆ. ಸಂಜೆ ಏಳಕ್ಕೆ ಹಾಕಿದೆವು. ಕೋಣೆಯ ಡಬ್ಬಿಯಲ್ಲಿ ಮೂರನೆಯ ಹಸಿರು ದೀಪ ಹೊತ್ತಿತು, ಅಂದರೆ ಎರಡೂ ಒಂದನ್ನೊಂದು ಗುರುತು ಹಿಡಿದವು. ನಾನು ಮಗನನ್ನು ಎತ್ತಿಕೊಂಡು ಕೋಣೆಯ ತುಂಬ ಕುಣಿದೆ.

ಬೆಳಿಗ್ಗೆ ನೋಡಿದರೆ ಮೂರನೆಯ ದೀಪ ಸತ್ತಿತ್ತು.

ಸಂಜೆ ಮತ್ತೆ ಬಂತು. ಮರುದಿನ ಬೆಳಿಗ್ಗೆ ಮತ್ತೆ ಹೋಯಿತು. ಸ್ಪೈಕ್ ಬಸ್ಟರಿನ ಪ್ಲಗ್ ಪಟ್ಟಿಗೆ ಹಾಕಿದ್ದೇ ತಪ್ಪು, ಅದು ಸಿಗ್ನಲ್ ನುಂಗುತ್ತದೆ ಎಂದು ಗಂಡ ಗೋಡೆಯ ಪ್ಲಗ್ಗಿಗೇ ನೇರ ಹಾಕಿದರು. ಮಾಡಬೇಕಾದದ್ದೇ, ಆದರೂ ಹಗಲು ದೀಪ ಬರಲಿಲ್ಲ. ನಾನು ಡಬ್ಬಿಯನ್ನು ಬೈದೆ, ಅಂಗಡಿಯವನನ್ನು ಬೈದೆ, ಗಂಡನನ್ನಂತೂ ಎರಡು ಸಲ ಬೈದೆ. ಅತ್ತೆ ಬಾಗಿಲಲ್ಲಿ ನಿಂತು, "ಅದುಕ್ಕೂ ಸಂಜೆ ಪಾಳಿ ಇರ್ಬೇಕು ಬುಡು" ಎಂದು ನಕ್ಕು ಹೋದರು. ಪರೀಕ್ಷೆ ಇದ್ದದ್ದು ಬೆಳಿಗ್ಗೆ ಹತ್ತಕ್ಕೆ. ನನಗೆ ಅಳುವೇ ಬಂತು.

ಮೂರನೆಯ ದಿನ ಮಧ್ಯಾಹ್ನ ಡಬ್ಬಿಯ ಮುಂದೆ ಮುಖ ಊದಿಸಿಕೊಂಡು ಕೂತಿದ್ದೆ. ಇದ್ದಕ್ಕಿದ್ದಂತೆ ಮೂರನೆಯ ದೀಪ ಹೊತ್ತಿತು. ಚಪ್ಪಲಿ ಕೂಡ ಹಾಕದೆ ಹಾಲಿಗೆ ಓಡಿದೆ. ಅತ್ತೆ ಮೀಟರಿನ ಕಡೆಯಿಂದ ಬರುತ್ತಿದ್ದರು.

"ಅತ್ತೆ, ಈಗ ಏನು ಮಾಡಿದ್ರಿ?"

"ನಾನೇನ್ ಮಾಡ್ದೆ? ಫ್ಯಾನು ತೂಕಡಿಸ್ತಿತ್ತು, ಎರಡ್ನೇ ಫೇಸ್ಗೆ ತಿರುಗ್ಸ್ದೆ. ಸಂಜೆ ಹೊತ್ತು ದಿನಾ ತಿರುಗ್ಸಾಕಿಲ್ವಾ?"

"ಮತ್ತೆ ಒಂದಕ್ಕೆ ತಿರುಗಿಸಿ!"

ಟಕ್. ನಾನು ಹಿತ್ತಲಿಗೆ ಓಡಿದೆ. ಅರ್ಧ ನಿಮಿಷ ಕಾದರೂ ದೀಪ ಇಲ್ಲ. "ಎರಡಕ್ಕೆ!" ಎಂದು ಕಿರುಚಿದೆ. ಟಕ್. ದೀಪ ಬಂತು! ಕೋಣೆ ಸದಾ ಎರಡನೇ ಫೇಸಿನಲ್ಲಿತ್ತು, ಹಾಲು ಹಗಲೆಲ್ಲ ಒಂದರಲ್ಲಿ. ನಮ್ಮ ಡಬ್ಬಿಗಳು ಒಂದು ಫೇಸಿನಿಂದ ಇನ್ನೊಂದಕ್ಕೆ ದಾಟಲಾರವು, ಅಷ್ಟೇ ರೋಗ. ಒಂದಕ್ಕೆ, ಎರಡಕ್ಕೆ, ಒಂದಕ್ಕೆ, ಎರಡಕ್ಕೆ ಎಂದು ನಾನು ಓಡಿದ್ದೇ ಓಡಿದ್ದು, ಅತ್ತೆ ತಿರುಗಿಸಿದ್ದೇ ತಿರುಗಿಸಿದ್ದು. ಪ್ರತಿ ಸಲವೂ ರೂಟರ್ ಪಾಪ ಸತ್ತು ಹುಟ್ಟುತ್ತಿತ್ತು. ಅತ್ತೆ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು. "ಅಂಗಾದ್ರೆ ನಿನ್ ಇಂಟರ್ನೆಟ್ಟು ನನ್ ಕೈಲೇ ಐತೆ ಅನ್ನು!"

ಪರೀಕ್ಷೆಯ ಬೆಳಿಗ್ಗೆ ಹಾಲನ್ನು ಎರಡನೇ ಫೇಸಿಗೆ ಹಾಕಿಸಿ, ಮಗನನ್ನು ಅತ್ತೆಯ ಸೊಂಟಕ್ಕೇರಿಸಿ, ಕೋಣೆಯ ಬಾಗಿಲು ಹಾಕಿಕೊಂಡೆ. ಗಂಡ ಕೆಲಸಕ್ಕೆ ಹೋಗಿದ್ದರು. ಇಪ್ಪತ್ತು ನಿಮಿಷ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹೋಯಿತು. ಯಾವನೋ ಡಾಕ್ಟರು ಯಾರದೋ ಮೊಣಕಾಲಿನ ಬಗ್ಗೆ ಹೇಳುತ್ತಿದ್ದ. ಮೊಣಕಾಲಿನ ಅರ್ಧದಲ್ಲಿ ಕೋಣೆಯ ಫ್ಯಾನು ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯಿತು, ಡಬ್ಬಿಯ ದೀಪಗಳೆಲ್ಲ ಹೋದವು. ಎರಡನೇ ಫೇಸೇ ಹೋಗಿತ್ತು.

ಮೊಬೈಲ್ ಹೊಡೆದುಕೊಂಡಿತು. ಆಫೀಸಿನ ಸೂಪರ್‌ವೈಸರ್ ಮೇಡಂ. "ಒಂದ್ಸಲ ಕಟ್ ಆಯ್ತು ಕಣ್ರೀ. ಐದು ನಿಮಿಷ ಕಾಯ್ತೀನಿ. ಇನ್ನೊಂದ್ಸಲ ಆದ್ರೆ ನನ್ ಕೈಲಿ ಏನೂ ಇಲ್ಲ."

ಅತ್ತೆ ಅಭ್ಯಾಸಬಲದಿಂದ ಹಾಲನ್ನು ಮಾತ್ರ ಒಂದಕ್ಕೆ ತಿರುಗಿಸಿ ಸೊಪ್ಪಿನ ಮುಂದೆ ಕೂತಿರುತ್ತಾರೆ ಎಂದುಕೊಂಡು ಬಾಗಿಲಿಗೆ ಹಾರಿದೆ. ಚಿಲಕ ತೆಗೆಯುವಷ್ಟರಲ್ಲಿ ನನ್ನ ತಲೆಯ ಮೇಲೆ ಫ್ಯಾನು ತಿರುಗಿತು. ಅಂಗಳದಾಚೆಯಿಂದ ಕೂಗು ಬಂತು: "ಎರಡ್ನೂ ಒಂದ್ಕೇ ಆಕಿವ್ನಿ! ನೀನು ಬರ್ಬ್ಯಾಡ, ಓಗಿ ಕುಂತ್ಕೊ!"

ಕೂತೆ. ರೂಟರ್ ಎದ್ದೇಳಲು ಎರಡು ನಿಮಿಷ ಬೇಕಾಯಿತು, ನನಗೆ ಅದು ಎರಡು ದಿನ. ಮೊದಲನೆಯ ದೀಪ, ಎರಡನೆಯದು, ಮೂರನೆಯದು. ಡಾಕ್ಟರು ಮೊಣಕಾಲನ್ನು ಬಿಟ್ಟಲ್ಲಿಂದ ಹಿಡಿದುಕೊಂಡ.

ಹತ್ತು ನಿಮಿಷ ಉಳಿದಿರುವಾಗ ಹಾಲಿನಲ್ಲಿ ಗದ್ದಲ ಕೇಳಿತು. ಮಾವನ ದನಿ. ಪಕ್ಕದ ಮನೆಯವರು ಎರಡನೇ ಫೇಸು ಬಂತು ಎಂದರಂತೆ, ಎಂದಿನಂತೆ ಕೋಣೆಯನ್ನು ಅದಕ್ಕೇ ಹಾಕಿಬಿಡುತ್ತೇನೆ ಎನ್ನುತ್ತಿದ್ದರು. ನಾನು ಟೈಪ್ ಮಾಡುತ್ತಲೇ ಇರೋಬರೋ ದೇವರನ್ನೆಲ್ಲ ಕರೆದೆ. ಆಗ ಅತ್ತೆಯ ದನಿ, ಇಡೀ ಬೀದಿಗೆ ಕೇಳುವಂತೆ: "ಕೈ ಇಕ್ಕಿ ನೋಡಾನ! ನನ್ ಸೊಸೆ ಕೆಲ್ಸ ಅದು! ಸುಮ್ಕೆ ಓಗಿ ಕುಂತ್ಕೊಳ್ಳಿ!"

ನನ್ನ ಸೊಸೆಯ ಕೆಲಸ, ಅಂದಿದ್ದು ಅತ್ತೆಯೇ. ಕಣ್ಣು ಮಂಜಾಗಿ ಎರಡು ಅಕ್ಷರ ತಪ್ಪು ಹೊಡೆದೆ.

ಹನ್ನೊಂದು ದಾಟಿ ಐದು ನಿಮಿಷಕ್ಕೆ ಮೇಡಂ ಫೋನ್ ಮಾಡಿದರು. ನಡುವೆ ಫೇಸು ಹೋದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. "ಪಾಸ್ ಕಣ್ರೀ. ಸೋಮವಾರದಿಂದ ಮನೆಯಿಂದ್ಲೇ ಮಾಡಿ. ಆದ್ರೆ ಒಂದು ಒಳ್ಳೆ ಕೇಬಲ್ ಎಳ್ಸಿಬಿಡಿ, ಫೇಸ್ ನಂಬ್ಕೊಂಡು ಎಷ್ಟು ದಿನ ಇರ್ತೀರಾ?" ಆ ತಿಂಗಳೇ ಪೈಪಿನೊಳಗೆ ಕೇಬಲ್ ಎಳೆಸಿದೆವು, ಆಮೇಲೆ ಯಾವ ಫೇಸು ಎಲ್ಲಿದ್ದರೂ ನನ್ನ ಲೈನು ಅಲ್ಲಾಡಲಿಲ್ಲ. ಆದರೆ ಅವತ್ತು ಕೇಬಲಿನ ಮಾತು ನನ್ನ ತಲೆಗೆ ಹೋಗಲೇ ಇಲ್ಲ. ಫೋನಿಟ್ಟು, ಹುಚ್ಚಿಯ ಹಾಗೆ ನಗುತ್ತಾ ಅಂಗಳ ದಾಟಿ ಓಡಿದೆ.

ಮಾವ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಅತ್ತೆ ಮೀಟರಿನ ಕೆಳಗೆ ಗೋಡೆಗೊರಗಿ ನಿಂತಿದ್ದರು. ಮಗ ಅವರ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ ಹೋಗಿದ್ದ. ಬಲಗೈ ಎರಡೂ ಸ್ವಿಚ್ಚುಗಳನ್ನು ಮುಚ್ಚಿಕೊಂಡಿತ್ತು. ನನ್ನನ್ನು ನೋಡಿ ಪಿಸುದನಿಯಲ್ಲಿ ಕೇಳಿದರು:

"ಮುಗೀತಾ? ಕೈ ತೆಗೀಲಾ?"