ಉದ್ದ ಇದ್ದದ್ದೇ ದೊಡ್ಡದು

ಆರನೇ ತರಗತಿಗೆ ಗಣಿತ ಹೇಳುವ ಅವಳನ್ನು ಮಕ್ಕಳು ಪಾಯಿಂಟ್ ಮಿಸ್ ಎಂದೇ ಕರೆಯುತ್ತಿದ್ದರು. ದಶಮಾಂಶ ಎಂದರೆ ಅವಳಿಗೆ ಪಂಚಪ್ರಾಣ. ಈ ವರ್ಷ ಅದಕ್ಕೇ ಕುತ್ತು ಬಂತು ನೋಡಿ. ಹೆಡ್‌ಮಿಸ್ ಕಡ್ಡಿ ಮುರಿದಂತೆ ಹೇಳಿದ್ದರು: "ಈ ಸಲವೂ ಮಕ್ಕಳ ತಲೆಗೆ ಹೋಗ್ಲಿಲ್ಲ ಅಂದ್ರೆ ಗಣಿತ ಬೇರೆಯವರಿಗೆ. ನೀವು ಒಂದನೇ ತರಗತಿ ನೋಡ್ಕೊಳ್ಳಿ."

ಪರೀಕ್ಷೆಯಾಯಿತು. 0.9, 0.95 ಯಾವುದು ದೊಡ್ಡದು? ಎಲ್ಲರೂ 0.95 ಎಂದೇ ಬರೆದಿದ್ದರು. 0.4, 0.62? ಅದೂ ಸರಿ. ಒಬ್ಬರದಾದರೂ ತಪ್ಪಬೇಡವೇ! ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದವಳು ತಂಗಿಯನ್ನು ತಬ್ಬಿಕೊಂಡಳು. ಇವಳ ತರಗತಿಯ ಮಕ್ಕಳೆಲ್ಲ ಸಂಜೆ ಆ ತಂಗಿಯ ಹತ್ತಿರ ಟ್ಯೂಷನ್ನಿಗೆ ಬರುತ್ತಿದ್ದರು.

"ನಮ್ಮಕ್ಕ ಅಂದ್ರೆ ಸುಮ್ನೇನಾ!" ಎಂದು ನಕ್ಕಳು ತಂಗಿ.

ಮರುದಿನ ಹೆಡ್‌ಮಿಸ್ ತರಗತಿಗೆ ಬಂದು ತಾವೇ ಬೋರ್ಡಿನ ಮೇಲೆ ಬರೆದರು: 0.9, 0.85.

"0.85!" ಇಡೀ ತರಗತಿ ಕೂಗಿತು.

"ಹೆಂಗೆ?"

"ಉದ್ದ ಇದೆಯಲ್ಲ ಮಿಸ್! ಉದ್ದ ಇದ್ದದ್ದೇ ದೊಡ್ಡದು, ಯೋಚ್ನೆ ಮಾಡ್ಬೇಡಿ ಅಂದ್ರು ಟ್ಯೂಷನ್ ಮಿಸ್."

ಹೆಡ್‌ಮಿಸ್ ಪ್ರಶ್ನೆಪತ್ರಿಕೆ ತರಿಸಿ ನೋಡಿದರು. "ಇದ್ರಲ್ಲಿ ಎಲ್ಲಾ ಕಡೆ ಉದ್ದದ್ದೇ ದೊಡ್ಡದಾಗಿದೆಯಲ್ಲ. ತಪ್ಪು ತಿಳ್ಕೊಂಡವರಿಗೂ ಪೂರ್ತಿ ಅಂಕ ಬರತ್ತೆ. ನಾಳೆ ಒಂದು ದಿನ ಸರಿ ಮಾಡಿ. ಸೋಮವಾರದಿಂದ ಒಂದನೇ ತರಗತಿ."

ಪಾಪ, ತಂಗಿಗೂ ಗೊತ್ತಿರಲಿಕ್ಕಿಲ್ಲ ಎಂದುಕೊಳ್ಳುತ್ತಲೇ ಮನೆಗೆ ಬಂದಳು. "0.9, 0.85. ಯಾವ್ದೇ ದೊಡ್ಡದು?"

"0.9. ಅದನ್ನ 0.90 ಅಂತ ಬರ್ಕೊಂಡ್ರೆ ಆಯ್ತು. ನೂರರಲ್ಲಿ ತೊಂಬತ್ತು ಭಾಗ ಒಂದು ಕಡೆ, ಎಂಬತ್ತೈದು ಇನ್ನೊಂದು ಕಡೆ. ಅಷ್ಟೂ ಗೊತ್ತಿಲ್ವಾ ನಂಗೆ?"

"ಗೊತ್ತಿದ್ದೂ ಹಂಗೆ ಹೇಳ್ಕೊಟ್ಯಾ?"

"ನಿನ್ನ ಪ್ರಶ್ನೆಪತ್ರಿಕೆ ಟೈಪ್ ಮಾಡಿದ್ದು ನಾನೇ ಅಲ್ವೇನಕ್ಕ? ಎಲ್ಲಾ ಕಡೆ ಉದ್ದದ್ದೇ ದೊಡ್ಡದಾಗಿರೋದು ಮಾಡುವಾಗ್ಲೇ ಕಣ್ಣಿಗೆ ಬಿತ್ತು. ಅಂಕ ಬಂದ್ರೆ ತಾನೇ ಅಪ್ಪ ಅಮ್ಮ ನನ್ನ ಹತ್ರ ಕಳ್ಸೋದು?"

ತಿಳಿಯದೆ ಮಾಡಿದ್ದರೆ ನುಂಗಿಕೊಳ್ಳಬಹುದಿತ್ತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವಳು ಕಣ್ಣಾರೆ ಕಂಡೂ ಬಾಯಿ ಬಿಡಲಿಲ್ಲವಲ್ಲ!

ಮರುದಿನ ಕಾಗದದ ಉದ್ದನೆಯ ಪಟ್ಟಿಯೊಂದನ್ನು ಹತ್ತು ಭಾಗ ಮಾಡಿ ಒಂಬತ್ತಕ್ಕೆ ಬಣ್ಣ ಬಳಿದಳು. ಅಷ್ಟೇ ಉದ್ದದ ಇನ್ನೊಂದರಲ್ಲಿ ಎಂಟು ಭಾಗಕ್ಕೆ ಬಳಿದು, ಒಂಬತ್ತನೆಯದನ್ನು ಮತ್ತೆ ಹತ್ತು ಚೂರಾಗಿ ಗೀಚಿ, ಐದು ಚೂರಿಗೆ ಮಾತ್ರ ಬಳಿದಳು. ಒಂದರ ಕೆಳಗೊಂದು ಹಿಡಿದಳು. ಮಕ್ಕಳು ಬಾಯಿಬಿಟ್ಟು ನೋಡಿದರು.

"ಟ್ಯೂಷನ್ ಮಿಸ್‌ಗೆ ಇದು ಗೊತ್ತಿಲ್ವಾ ಮಿಸ್?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ಗೊತ್ತು."

"ಮತ್ತೆ ನಮ್ಗೆ ಯಾಕೆ ಹೇಳ್ಲಿಲ್ಲ?"

"ನಂಗೂ ಹೇಳ್ಲಿಲ್ಲ ಕಣೇ ಮರಿ," ಎಂದಳು ಪಾಯಿಂಟ್ ಮಿಸ್.