ಕೆಂಪು ಪೆನ್ನಿನ ಮೂರು ದಿನ

ತೊಂಬತ್ತರ ದಶಕದ ಮಧ್ಯಭಾಗ. ಮೈಸೂರಿನ ಖಾಸಗಿ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಟೀಚರ್, ಅದೂ ಕಾಯಂ ಅಲ್ಲ. ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದಲು ಮೊದಲ ಸಲ ಕರೆ ಬಂದಾಗ ಹಿಗ್ಗಿದೆ. ನಜರ್‌ಬಾದಿನ ಶಾಲೆಯೊಂದರ ಹಾಲ್‌ನಲ್ಲಿ ಕೂತ ಮೇಲೆ ಹಿಗ್ಗೆಲ್ಲ ಇಳಿದುಹೋಯಿತು.

ನಾಲ್ಕನೇ ಪ್ರಶ್ನೆಯಲ್ಲಿ, ಗೆರೆ ಎಳೆದ ಪದ ಉತ್ತರವಾಗುವಂತೆ ಪ್ರಶ್ನೆ ಬರೆಯಬೇಕು, ತಲಾ ಒಂದು ಅಂಕ. ಮಕ್ಕಳು ‘ವೇರ್ ದೇ ಆರ್ ಗೋಯಿಂಗ್’, ‘ವಾಟ್ ಹಿ ವಾಂಟ್ಸ್’ ಎಂದೇ ಬರೆದಿದ್ದರು. ನೂರಾರು ಸಲ ಓದಿದರೆ ಕಿವಿಯೂ ಕೆಡುತ್ತದೆ. ಎರಡನೆಯ ದಿನ ‘ವಾಟ್ ಹಿ ವಾಂಟ್ಸ್’ಗೆ ನಾನೇ ಸರಿ ಗುರುತು ಹಾಕಿಬಿಟ್ಟಿದ್ದೆ.

ನಮ್ಮ ಮೇಜಿನ ಮುಖ್ಯಸ್ಥರು ಅದನ್ನು ಹಿಡಿದರು. “ಡಸ್ ಎಲ್ಲಿದೆಯಮ್ಮ? ‘ವಾಟ್ ಡಸ್ ಹಿ ವಾಂಟ್’ ಅಲ್ವಾ? ಇನ್ನೊಂದು ಸಲ ಹಿಂಗಾದ್ರೆ ನಿಮ್ಮ ಹೆಡ್‌ಮಾಸ್ಟರಿಗೆ ಬರೀಬೇಕಾಗ್ತದೆ.”

ಆಮೇಲೆ ಮಾದರಿ ಉತ್ತರವನ್ನೂ ನೋಡದೆ, ಹೆದರಿಕೆಯಿಂದ ನನ್ನದೇ ಕಾನೂನು ಮಾಡಿಕೊಂಡೆ: ಆಮ್, ಈಸ್, ಆರ್ ಇದ್ದರೆ ಅದು ಮುಂದೆ ಬರಬೇಕು, ಇಲ್ಲವೆಂದರೆ ಡೂ, ಡಸ್, ಡಿಡ್ ಇರಲೇಬೇಕು. ಇಲ್ಲದಿದ್ದರೆ ಸೊನ್ನೆ. ಅಂದು ಸಂಜೆ ಒಂದು ಕಟ್ಟು, ಮರುದಿನ ಬೆಳಿಗ್ಗೆ ಇನ್ನೊಂದು ಕಟ್ಟು ಮುಗಿಸಿದೆ. ವೇಗಕ್ಕೆ ನಾನೇ ಬೀಗಿದೆ, ದಡ್ಡಿ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಕ್ಕದ ಟೀಚರ್ ನಕ್ಕರು. “‘ಹೂ ಬ್ರಾಟ್ ದ ಲೆಟರ್’ ಒಂದನ್ನಾದ್ರೂ ಮಕ್ಕಳು ನೆಟ್ಟಗೆ ಬರೆದವ್ರೆ ಕಣ್ರೀ. ಪುಣ್ಯ!”

ಆಗ ಹೊಳೆಯಿತು. ಯಾರು ತಂದರು ಎಂದು ಕೇಳುವಾಗ ‘ಹೂ’ ಪದವೇ ಕೆಲಸ ಮಾಡಿದವರ ಜಾಗದಲ್ಲಿ ಕೂತಿರುತ್ತದೆ. ಅಲ್ಲಿ ಡಿಡ್ ಬೇಕಿಲ್ಲ. ಆ ಸರಿಯುತ್ತರಕ್ಕೆಲ್ಲ ನಾನು ಸೊನ್ನೆ ಹಾಕಿದ್ದೆ. ಬೆಳಗಿನ ಕಟ್ಟಿನಲ್ಲಿ ಒಬ್ಬರಿಗೆ ಒಟ್ಟು ಮೂವತ್ತನಾಲ್ಕು ಬಂದಿತ್ತು. ಪಾಸಿಗೆ ಮೂವತ್ತೈದು.

ಡಬ್ಬಿ ಮುಚ್ಚಿಟ್ಟು ಎದ್ದೆ. ಮುಖ್ಯಸ್ಥರ ಮುಂದೆ ನಿಂತು ಹೇಳಿದೆ. “ಸರ್, ಬೆಳಗಿನ ಕಟ್ಟು ಕೊಡ್ತೀರಾ? ನಾಲ್ಕನೇ ಪ್ರಶ್ನೆ ತಪ್ಪಾಗಿ ತಿದ್ದಿಬುಟ್ಟೆ.”

ಅವರು ಕನ್ನಡಕದ ಮೇಲಿನಿಂದ ನೋಡಿ, ಬೈಯದೆ ಕಟ್ಟು ಕೊಟ್ಟರು. ಒಂದೊಂದಾಗಿ ತಿದ್ದಿದೆ. ಮೂವತ್ತನಾಲ್ಕು ಮೂವತ್ತೈದಾಯಿತು. ಕಟ್ಟು ಹಿಂದಿರುಗಿಸಿದಾಗ ಅವರು ಕೇಳಿದರು. “ನಿನ್ನೆ ಸಂಜೇದು? ಮೊಹರು ಹಾಕಿ ಒಳಗೆ ಕಳಿಸಾಗಿದೆ. ತೆಗೆಸಬೇಕಾದ್ರೆ ಈ ಮೌಲ್ಯಮಾಪನ ಕ್ಯಾಂಪಿನ ಆಫೀಸರಿಗೆ ಕಾರಣ ಬರೆದುಕೊಡಬೇಕು. ಅದು ಸರಿ ಇದೆ ತಾನೆ?”

ಬರೆದುಕೊಟ್ಟರೆ ನನ್ನ ಹೆಸರು ಶಾಲೆಗೆ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಅಷ್ಟೇ ತಲೆಯಲ್ಲಿದ್ದದ್ದು.

“ಸರಿ ಇದೆ ಸರ್” ಎಂದೆ.

ಆ ಕಟ್ಟಿನಲ್ಲಿ ಮೂವತ್ತನಾಲ್ಕು ಬಂದವರು ಇಬ್ಬರಿದ್ದರು.